ಬ್ಯಾಂಕ್ ಖಾತೆಯ ಮೇಲಿನ ನ್ಯಾಯಾಲಯ ಹಾಗೂ ತೆರಿಗೆ ಇಲಾಖೆಯ ತಡೆ: ಅದರ ಅರ್ಥ ಮತ್ತು ತೆರವಿನ ಕ್ರಮ

ಗ್ರಾಮ ಪಂಚಾಯತಿಯ ಮಾನ್ಯ ಸದಸ್ಯರ ಅವಗಾಹನೆಗೆ.

2025ರ ಜುಲೈ ತಿಂಗಳಿನಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸು ಬಂದ ಸಂಗತಿಯು ರಾಜ್ಯದಾದ್ಯಂತ ಸುದ್ದಿಯಾಯಿತು. ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ ನಡೆದ ಸುಮಾರು 1.63 ಕೋಟಿ ರೂಪಾಯಿಗಳ ವಹಿವಾಟಿನ ಆಧಾರದ ಮೇಲೆ ಸುಮಾರು 29 ಲಕ್ಷ ರೂಪಾಯಿ ತೆರಿಗೆಯನ್ನು ಆ ನೋಟಿಸಿನಲ್ಲಿ ಕೇಳಲಾಗಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಅದೇ ಅವಧಿಯಲ್ಲಿ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳು ಯುಪಿಐ ಫಲಕಗಳನ್ನು ತೆಗೆದು ನಗದು ವ್ಯವಹಾರಕ್ಕೆ ಮರಳಿದರು.

ನೋಟಿಸು ಬಂದ ಮಾತ್ರಕ್ಕೆ ಖಾತೆಗೆ ತಡೆ ಬೀಳುವುದಿಲ್ಲ. ನೋಟಿಸು ಎಂದರೆ ವಿವರಣೆ ಕೇಳುವುದು ಅಥವಾ ಹಣ ಪಾವತಿಸಲು ಹೇಳುವುದು. ತಡೆ ಎಂದರೆ ಖಾತೆಯಲ್ಲಿರುವ ಹಣವನ್ನು ಖಾತೆದಾರರಿಗೆ ಕೊಡಬಾರದೆಂದು ಬ್ಯಾಂಕಿಗೆ ಹೊರಡಿಸಿದ ಪ್ರತ್ಯೇಕ ಆದೇಶ. ಈ ಎರಡರ ನಡುವಿನ ಅಂತರದಲ್ಲಿಯೇ ಸಾಮಾನ್ಯವಾಗಿ ಖಾತೆದಾರರಿಗೆ ಉತ್ತರ ಕೊಡುವ ಅವಕಾಶವಿರುತ್ತದೆ. ಆ ಅವಕಾಶ ಕಳೆದ ನಂತರ ಜನರು ಸದಸ್ಯರ ಮನೆಗೆ ಬರುವುದೇ ಹೆಚ್ಚು. ಆಗ ಏನು ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಆದೇಶವನ್ನು ನೋಡುವುದು

ಖಾತೆಗೆ ತಡೆ ಬಿದ್ದಾಗ ಬ್ಯಾಂಕಿನ ಶಾಖೆಯಲ್ಲಿ ವಾದ ಮಾಡುವುದರಿಂದ ಪ್ರಯೋಜನವಿಲ್ಲ. ನ್ಯಾಯಾಲಯದ ಅಥವಾ ತೆರಿಗೆ ಅಧಿಕಾರಿಯ ಆದೇಶವನ್ನು ಪಾಲಿಸದಿದ್ದರೆ ಬ್ಯಾಂಕೇ ಆ ಹಣಕ್ಕೆ ಹೊಣೆಯಾಗುತ್ತದೆ. ಆದ್ದರಿಂದ ಶಾಖಾ ವ್ಯವಸ್ಥಾಪಕರಿಗೆ ತಡೆಯನ್ನು ತಮ್ಮ ಮಟ್ಟದಲ್ಲಿ ತೆಗೆಯುವ ಅಧಿಕಾರವಿರುವುದಿಲ್ಲ. ತಡೆ ಹಾಕಿದವರೇ ಅಥವಾ ಅವರಿಗಿಂತ ಮೇಲಿನ ಪ್ರಾಧಿಕಾರವೇ ಅದನ್ನು ತೆರವುಗೊಳಿಸಬೇಕು.

ಆದುದರಿಂದ ಖಾತೆದಾರರು ಶಾಖೆಗೆ ಲಿಖಿತ ಮನವಿ ಕೊಟ್ಟು ಆದೇಶದ ಪ್ರತಿಯನ್ನು ಪಡೆಯಬೇಕು. ಪ್ರತಿ ಸಿಗದಿದ್ದರೆ ಆದೇಶ ಹೊರಡಿಸಿದ ಕಚೇರಿಯ ಹೆಸರು, ಆದೇಶದ ಅಥವಾ ಪ್ರಕರಣದ ಸಂಖ್ಯೆ, ದಿನಾಂಕ ಮತ್ತು ಮೊತ್ತ ಇವಿಷ್ಟನ್ನಾದರೂ ಬರೆಸಿಕೊಳ್ಳಬೇಕು. ಮೊತ್ತದ ವಿವರ ವಿಶೇಷವಾಗಿ ಮುಖ್ಯ. ನಿರ್ದಿಷ್ಟ ಮೊತ್ತವನ್ನು ಮಾತ್ರ ತಡೆಹಿಡಿದಿದ್ದರೆ ಅದನ್ನು ಬ್ಯಾಂಕಿನವರು ಲೀನ್ ಅಥವಾ ಹೋಲ್ಡ್ ಎನ್ನುತ್ತಾರೆ. ಉಳಿದ ಹಣವನ್ನು ಖಾತೆದಾರರು ತೆಗೆಯಬಹುದು. ಇಡೀ ಖಾತೆಯಿಂದ ಹಣ ತೆಗೆಯುವುದನ್ನೇ ನಿಲ್ಲಿಸಿದ್ದರೆ ಅದು ಫ್ರೀಜ್. ಆದೇಶದಲ್ಲಿ ಮೊತ್ತ ನಮೂದಾಗಿದ್ದೂ ಶಾಖೆಯು ಇಡೀ ಖಾತೆಯನ್ನು ನಿಲ್ಲಿಸಿದ್ದರೆ, ತಡೆಯನ್ನು ಆ ಮೊತ್ತಕ್ಕೆ ಸೀಮಿತಗೊಳಿಸುವಂತೆ ಶಾಖೆಯನ್ನೇ ಕೇಳಬಹುದು. ಶಾಖೆಯ ಮಟ್ಟದಲ್ಲಿ ಆಗಬಹುದಾದ ಕೆಲಸ ಇಷ್ಟೇ.

ನ್ಯಾಯಾಲಯದ ತಡೆ: ಒಂದು ಉದಾಹರಣೆ

ಹತ್ತಿಮತ್ತೂರಿನ ರೈತರೊಬ್ಬರು ಬೀಜ ಮತ್ತು ಗೊಬ್ಬರದ ಅಂಗಡಿಯಲ್ಲಿ 90,000 ರೂ. ಉದ್ದರಿ ಮಾಡಿದ್ದರೆಂದು ಭಾವಿಸೋಣ. ಅಂಗಡಿಯವರು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ರೈತರು ಹಾಜರಾಗಲಿಲ್ಲ. ಬಡ್ಡಿ ಹಾಗೂ ವೆಚ್ಚ ಸೇರಿ 1,18,000 ರೂ.ಗಳಿಗೆ ಡಿಕ್ರಿ ಆಯಿತು. ಅಂಗಡಿಯವರು ಅಮಲ್ಜಾರಿ ಅರ್ಜಿ ಸಲ್ಲಿಸಿದಾಗ, ಗೋವಿನಜೋಳ ಮಾರಿದ ಹಣ ಜಮೆಯಾಗಿದ್ದ ರೈತರ ಖಾತೆಯಲ್ಲಿ 1,46,500 ರೂ. ಇತ್ತು. ನ್ಯಾಯಾಲಯವು ಬ್ಯಾಂಕಿಗೆ ತಡೆ ಆದೇಶ ಕಳುಹಿಸಿತು. ಬ್ಯಾಂಕು 1,18,000 ರೂ. ತಡೆಹಿಡಿಯಿತು, 28,500 ರೂ. ರೈತರ ಬಳಕೆಗೆ ಉಳಿಯಿತು.

ಈ ತಡೆಯಿಂದ ಹಣವು ಕೂಡಲೇ ಅಂಗಡಿಯವರಿಗೆ ಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 46ಎ ನಿಯಮದಂತೆ ನ್ಯಾಯಾಲಯವು ಬ್ಯಾಂಕಿಗೆ ಮತ್ತೊಂದು ನೋಟಿಸು ನೀಡಿ, ಹಣವನ್ನು ನ್ಯಾಯಾಲಯಕ್ಕೆ ಕಟ್ಟಬೇಕು ಅಥವಾ ಏಕೆ ಕಟ್ಟಬಾರದೆಂದು ಕಾರಣ ತಿಳಿಸಬೇಕು ಎಂದು ಸೂಚಿಸುತ್ತದೆ. ಅಷ್ಟರೊಳಗೆ ರೈತರು ನ್ಯಾಯಾಲಯದ ಮುಂದೆ ಬಂದರೆ ಹಲವು ದಾರಿಗಳಿವೆ.

ಮೊದಲನೆಯದು, ಜಪ್ತಿಗೆ ಒಳಪಡದ ಹಣವೆಂದು ಕೇಳಿಕೊಳ್ಳುವುದು. ಸಂಹಿತೆಯ 60ನೆಯ ಪ್ರಕರಣವು ಕೂಲಿಕಾರರ ಕೂಲಿ, ಸರ್ಕಾರಿ ನಿವೃತ್ತಿ ವೇತನ, ಭವಿಷ್ಯ ನಿಧಿ ಮುಂತಾದವುಗಳನ್ನು ಜಪ್ತಿಯಿಂದ ರಕ್ಷಿಸುತ್ತದೆ. ಜೀವನಾಂಶದ ಡಿಕ್ರಿ ಹೊರತು ಇತರ ಡಿಕ್ರಿಗಳಲ್ಲಿ ಸಂಬಳದ ಮೊದಲ 1,000 ರೂ. ಹಾಗೂ ಉಳಿದುದರ ಮೂರರಲ್ಲಿ ಎರಡು ಪಾಲಿಗೂ ಈ ರಕ್ಷಣೆ ಇದೆ. ಆದರೆ ಖಾತೆಯಲ್ಲಿನ ಯಾವ ಹಣ ಯಾವ ಮೂಲದ್ದೆಂದು ಬ್ಯಾಂಕು ತಾನಾಗಿ ವಿಂಗಡಿಸುವುದಿಲ್ಲ. ಖಾತೆದಾರರೇ ಪಾಸ್‌ಬುಕ್ಕಿನ ವಿವರ ಹಾಗೂ ದಾಖಲೆ ಸಹಿತ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು, ತೀರ್ಮಾನ ನ್ಯಾಯಾಲಯದ್ದು. ನಮ್ಮ ಉದಾಹರಣೆಯ ರೈತರ ಖಾತೆಯಲ್ಲಿ ಉದ್ಯೋಗ ಖಾತ್ರಿಯ ಕೂಲಿಯೂ ಜಮೆಯಾಗಿದ್ದರೆ, ಆ ಮೊತ್ತಕ್ಕೆ ಅವರು ವಿನಾಯಿತಿ ಕೇಳಬಹುದು. ಫಸಲು ಮಾರಿ ಖಾತೆಗೆ ಬಂದ ಹಣವು ಕೂಲಿ ಎನಿಸುವುದಿಲ್ಲ.

ಎರಡನೆಯದು, ಹಣ ತುಂಬಿ ಜಪ್ತಿ ತೆರವು ಪಡೆಯುವುದು. ಡಿಕ್ರಿಯ ಮೊತ್ತ ಹಾಗೂ ಎಲ್ಲ ವೆಚ್ಚಗಳನ್ನು ನ್ಯಾಯಾಲಯಕ್ಕೆ ಕಟ್ಟಿದರೆ, ಅಥವಾ ಡಿಕ್ರಿ ರದ್ದಾದರೆ, 55ನೆಯ ನಿಯಮದಂತೆ ಜಪ್ತಿ ಮುಗಿಯುತ್ತದೆ. ತಮಗೆ ಸಮನ್ಸ್ ಮುಟ್ಟಿರಲೇ ಇಲ್ಲವೆನ್ನುವವರು ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಡಿಕ್ರಿ ನೀಡಿದ ನ್ಯಾಯಾಲಯಕ್ಕೇ ಅರ್ಜಿ ಕೊಡಬೇಕು.

ಮೂರನೆಯದು ರಾಜಿ. ಹಳ್ಳಿಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ, ತಪ್ಪಾಗುವುದೂ ಇಲ್ಲಿಯೇ. ಹಿರಿಯರು ಕುಳಿತು ಮಾತನಾಡಿ 1,00,000 ರೂ.ಗೆ ಪ್ರಕರಣ ಮುಗಿಸಿದರು. ರೈತರು ಮಾರ್ಚ್ 5ರಂದು ಬಂಧುಗಳಿಂದ ಹಣ ತಂದು ಅಂಗಡಿಯವರ ಕೈಗೆ ಕೊಟ್ಟರು ಎನ್ನೋಣ. ಊರಿನ ದೃಷ್ಟಿಯಲ್ಲಿ ಸಾಲ ತೀರಿತು. ನ್ಯಾಯಾಲಯದ ಕಡತದಲ್ಲಿ ತೀರಲಿಲ್ಲ. ನ್ಯಾಯಾಲಯದ ಹೊರಗೆ ಕೊಟ್ಟ ಹಣವನ್ನು 21ನೆಯ ಆದೇಶದ 2ನೆಯ ನಿಯಮದಂತೆ ಅಲ್ಲಿ ದಾಖಲಿಸಬೇಕು. ದಾಖಲಾಗದ ಪಾವತಿಯನ್ನು ಡಿಕ್ರಿ ಅಮಲ್ಜಾರಿ ಮಾಡುವ ನ್ಯಾಯಾಲಯವು ಪರಿಗಣಿಸುವಂತಿಲ್ಲ. ಅಂಗಡಿಯವರು ತಾವೇ ನ್ಯಾಯಾಲಯಕ್ಕೆ ತಿಳಿಸಿದರೆ ಸರಿ. ತಿಳಿಸದಿದ್ದರೆ ರೈತರು ಹಣ ಕೊಟ್ಟ ದಿನದಿಂದ 30 ದಿನಗಳೊಳಗೆ, ಅಂದರೆ ಏಪ್ರಿಲ್ 4ರ ಒಳಗೆ, ಅರ್ಜಿ ಸಲ್ಲಿಸಬೇಕು. ಕೈಯಲ್ಲಿ ಕೊಟ್ಟ ನಗದಿಗೆ ಲಿಖಿತ ಪುರಾವೆ ಬೇಕು, ಇಲ್ಲವೇ ಅಂಗಡಿಯವರ ಒಪ್ಪಿಗೆ ಬೇಕು. ಇವು ಯಾವುವೂ ಆಗದಿದ್ದರೆ ಕೈಯಿಂದ 1,00,000 ರೂ. ಹೋದ ಮೇಲೆಯೂ ಬ್ಯಾಂಕಿನಲ್ಲಿರುವ 1,18,000 ರೂ. ನ್ಯಾಯಾಲಯಕ್ಕೆ ಹೋಗಬಹುದು. ರಾಜಿ ಪಂಚಾಯತಿಕೆ ಮಾಡುವ ಸದಸ್ಯರು ಹಣವನ್ನು ಬ್ಯಾಂಕ್ ಮೂಲಕವೇ ಕೊಡಿಸಿ, ಉಭಯ ಪಕ್ಷಗಳ ಸಹಿಯುಳ್ಳ ಪತ್ರವನ್ನು ಮುಂದಿನ ವಾಯಿದೆಯಲ್ಲಿ, ಅದು ದೂರವಿದ್ದರೆ ಮುಂಚಿತವಾಗಿಯೇ, ನ್ಯಾಯಾಲಯಕ್ಕೆ ಹಾಜರುಪಡಿಸುವಂತೆ ನೋಡಿಕೊಳ್ಳುವುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ನೇರವಾಗಿ ಕಡತಕ್ಕೆ ಸೇರುತ್ತದೆ.

ಜಪ್ತಿ ತೆರವಿನ ಆದೇಶವಾದ ನಂತರ ಅದರ ದೃಢೀಕೃತ ಪ್ರತಿಯನ್ನು ಪಡೆದು ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಆದೇಶವಾಗಿಯೂ ಪ್ರತಿಯು ಬ್ಯಾಂಕಿಗೆ ತಲುಪದೆ ತಡೆ ಹಾಗೆಯೇ ಉಳಿಯುವುದುಂಟು.

ತೆರಿಗೆ ಇಲಾಖೆಯ ತಡೆ

ಸರಕು ಮತ್ತು ಸೇವಾ ತೆರಿಗೆಯಲ್ಲಿ ಎರಡು ಬಗೆಯ ತಡೆಗಳಿವೆ. ಆದೇಶದ ಮೇಲಿನ ನಮೂನೆಯ ಸಂಖ್ಯೆಯಿಂದ ಅವುಗಳನ್ನು ಗುರುತಿಸಬಹುದು.

ಡಿಆರ್‌ಸಿ-22 ಎಂದಿದ್ದರೆ ಅದು ತಾತ್ಕಾಲಿಕ ಜಪ್ತಿ. ವಿಚಾರಣೆ ಇನ್ನೂ ನಡೆಯುತ್ತಿರುವಾಗ, ಸರ್ಕಾರದ ವರಮಾನ ಕೈತಪ್ಪೀತೆಂಬ ಕಾರಣಕ್ಕೆ ಆಯುಕ್ತರು 83ನೆಯ ಪ್ರಕರಣದಂತೆ ಇದನ್ನು ಹೊರಡಿಸುತ್ತಾರೆ. ಒಂದು ವರ್ಷದ ನಂತರ ಇದು ಊರ್ಜಿತದಲ್ಲಿರುವುದಿಲ್ಲ. ಅದಕ್ಕೆ ಮೊದಲೇ ಡಿಆರ್‌ಸಿ-22ಎ ನಮೂನೆಯಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಆಯುಕ್ತರಿಗೆ ಮನವರಿಕೆಯಾದರೆ ಡಿಆರ್‌ಸಿ-23ರಲ್ಲಿ ಬಿಡುಗಡೆಯ ಆದೇಶವಾಗುತ್ತದೆ. ಇದು ಕಠೋರವಾದ ಅಧಿಕಾರವಾದುದರಿಂದ ಕಾನೂನಿನ ಷರತ್ತುಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರ ರಾಧಾಕೃಷ್ಣ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿದೆ.

ಡಿಆರ್‌ಸಿ-13 ಎಂದಿದ್ದರೆ ತೆರಿಗೆ ನಿರ್ಧಾರವಾಗಿ, ಬಾಕಿಯನ್ನು ಖಾತೆಯಿಂದ ವಸೂಲು ಮಾಡುವ ಹಂತ ಬಂದಿದೆ ಎಂದರ್ಥ. ಸಾಮಾನ್ಯವಾಗಿ ತೆರಿಗೆ ಆದೇಶ ಮುಟ್ಟಿದ ಮೂರು ತಿಂಗಳ ನಂತರವೇ ವಸೂಲಿ ಆರಂಭವಾಗುತ್ತದೆ. ಮೇಲ್ಮನವಿಗೆ ಇರುವ ಅವಧಿಯೂ ಮೂರು ತಿಂಗಳೇ. ಈ ಅವಧಿಯಲ್ಲಿ ವಿವಾದಿತ ತೆರಿಗೆಯ ಶೇ. 10ರಷ್ಟನ್ನು ಕಟ್ಟಿ ಮೇಲ್ಮನವಿ ಸಲ್ಲಿಸಿದರೆ ಉಳಿದ ಮೊತ್ತದ ವಸೂಲಿಗೆ ಕಾನೂನಿನಿಂದಲೇ ತಡೆ ಸಿಗುತ್ತದೆ. ಉದಾಹರಣೆಗೆ 2,00,000 ರೂ. ವಿವಾದಿತ ತೆರಿಗೆಗೆ ಕಟ್ಟಬೇಕಾದುದು 20,000 ರೂ. ಮೇಲ್ಮನವಿಯ ಸ್ವೀಕೃತಿಯನ್ನು ಡಿಆರ್‌ಸಿ-13 ಹೊರಡಿಸಿದ ಅಧಿಕಾರಿಗೆ ತೋರಿಸಿ, ಅದನ್ನು ಹಿಂಪಡೆದ ಪತ್ರವು ಬ್ಯಾಂಕಿಗೆ ಹೋಗುವಂತೆ ಕೋರಬೇಕು.

ಇವೆರಡಕ್ಕಿಂತ ಮೊದಲಿನ ನೋಟಿಸಿಗೆ ಉತ್ತರಿಸುವುದೇ ಸುಲಭ. ತಾಜಾ ತರಕಾರಿಯ ಮಾರಾಟಕ್ಕೆ ತೆರಿಗೆ ವಿನಾಯಿತಿ ಇದೆ. ಯುಪಿಐ ಜಮೆಯಲ್ಲಿ ಬಂಧುಗಳು ಕಳುಹಿಸಿದ ಹಣ ಅಥವಾ ಸಾಲದ ಹಣವೂ ಸೇರಿರಬಹುದು. ಇವನ್ನು ವಿಂಗಡಿಸಿ ಗಡುವಿನೊಳಗೆ ಲಿಖಿತವಾಗಿ ತಿಳಿಸಿದವರ ಪ್ರಕರಣವು ಖಾತೆಯ ತಡೆಯವರೆಗೆ ಬೆಳೆಯದೆ ಇರಬಹುದು.

ಪಂಚಾಯತಿಗೇ ಇಂತಹ ಆದೇಶ ಬಂದಾಗ

ಗುತ್ತಿಗೆದಾರರ ಬಿಲ್ಲು ಪಾವತಿಗೆ ಬಾಕಿ ಇದ್ದರೆ, ಅವರ ಸಾಲ ಅಥವಾ ತೆರಿಗೆಗಾಗಿ ನ್ಯಾಯಾಲಯದ ನೋಟಿಸು ಇಲ್ಲವೇ ಡಿಆರ್‌ಸಿ-13 ಗ್ರಾಮ ಪಂಚಾಯತಿಗೇ ಬರಬಹುದು. ಆಗ ಪಂಚಾಯತಿಯು ಬ್ಯಾಂಕಿನ ಸ್ಥಾನದಲ್ಲಿ ನಿಲ್ಲುತ್ತದೆ. ನೋಟಿಸು ತಲುಪಿದ ಮೇಲೂ ಗುತ್ತಿಗೆದಾರರಿಗೆ ಹಣ ಕೊಟ್ಟರೆ ಅಷ್ಟು ಮೊತ್ತಕ್ಕೆ ಪಂಚಾಯತಿಯೇ ಹೊಣೆಯಾಗುವ ಸಂಭವವಿದೆ. ನೋಟಿಸಿಗೆ ಉತ್ತರ ಕೊಡದೆ ಹಣವನ್ನೂ ಕಟ್ಟದಿದ್ದರೆ ನ್ಯಾಯಾಲಯವು ಪಂಚಾಯತಿಯ ವಿರುದ್ಧವೇ ಆದೇಶ ಮಾಡಬಹುದು; ಅದನ್ನು ಡಿಕ್ರಿಯಂತೆ ಅಮಲ್ಜಾರಿ ಮಾಡಲು ಬರುತ್ತದೆ. ಕೊಡಬೇಕಾದ ಹಣ ಏನೂ ಇಲ್ಲದಿದ್ದರೆ ಅದನ್ನೂ ದಾಖಲೆ ಸಹಿತ ತಿಳಿಸಲೇಬೇಕು.

ಆದುದರಿಂದ ಇಂತಹ ನೋಟಿಸು ಬಂದ ದಿನವೇ ಅದನ್ನು ಸ್ವೀಕೃತಿ ವಹಿಯಲ್ಲಿ ನಮೂದಿಸಿ, ಸಂಬಂಧಪಟ್ಟ ಬಿಲ್ಲಿನ ಕಡತಕ್ಕೆ ಪ್ರತಿಯನ್ನು ಲಗತ್ತಿಸಿ, ನೋಟಿಸಿನಲ್ಲಿರುವ ಗಡುವಿನೊಳಗೆ ಉತ್ತರ ಹೋಗಿದೆಯೇ ಎಂಬುದನ್ನು ಸದಸ್ಯರು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಂದ ಖಚಿತಪಡಿಸಿಕೊಳ್ಳುವುದು. ಗ್ರಾಮಸ್ಥರ ಖಾತೆಯ ವಿಷಯದಲ್ಲಿ, ಮಹಿಳೆಯರು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರು ಮತ್ತು ನಿಗದಿತ ಆದಾಯ ಮಿತಿಯೊಳಗಿನವರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರ ನೆರವು ಪಡೆಯಬಹುದು. ದೂರವಾಣಿ ಸಂಖ್ಯೆ 15100. ಅಲ್ಲಿಗೆ ಹೋಗುವಾಗ ಆದೇಶದ ಪ್ರತಿ ಅಥವಾ ಪ್ರಕರಣದ ಸಂಖ್ಯೆ, ಪಾಸ್‌ಬುಕ್ಕು ಹಾಗೂ ಹಣ ಕೊಟ್ಟ ರಸೀದಿಗಳನ್ನು ಜೊತೆಯಲ್ಲಿ ಒಯ್ಯುವಂತೆ ತಿಳಿಸುವುದು.