ವಿಡಿಯೊ ಶುರುವಾಗಬೇಕಾದ್ದು ಬೀದಿಯಿಂದ

ಮೈಸೂರಿನ ಕುವೆಂಪುನಗರದಲ್ಲಿ ಎರಡನೇ ಮಹಡಿಯ ಹಳೇ ಫ್ಲ್ಯಾಟೊಂದು ಮಾರಾಟಕ್ಕಿತ್ತು. ಎರಡು ಬೆಡ್‌ರೂಮು, ಲಿಫ್ಟ್ ಇಲ್ಲ, ಮಾಲೀಕರು ಹೇಳುತ್ತಿದ್ದ ಬೆಲೆ 48 ಲಕ್ಷ. ಅದನ್ನು ಕುದುರಿಸಲು ಹೊರಟ ಬ್ರೋಕರ್ ನನ್ನ ಪರಿಚಯದವರು. ಆಫೀಸು ಅಂತ ಏನಿಲ್ಲ. ಒಂದು ಸ್ಕೂಟರು, ಎರಡು ಸಿಮ್ಮಿನ ಒಂದು ಫೋನು, ಅಷ್ಟೇ. ಅವರು ಮೊದಲು ಹಾಕಿದ್ದ ಪೋಸ್ಟಿನಲ್ಲಿ 'ವಿಶಾಲವಾದ 9 ಚದರದ ಸುಂದರ ಫ್ಲ್ಯಾಟ್, ಪ್ರೈಮ್ ಲೊಕೇಶನ್, ಕೂಡಲೇ ಕರೆ ಮಾಡಿ' ಎಂದಿತ್ತು. ಎರಡು ವಾರದಲ್ಲಿ ಹದಿನಾಲ್ಕು ಜನ ಬಂದರು. ಅರ್ಧದಷ್ಟು ಮಂದಿ ಮೆಟ್ಟಿಲ ಬುಡದಿಂದಲೇ ವಾಪಸು. ಮಂಡಿನೋವಿನ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದ ಹೆಂಗಸಂತೂ, 'ಲಿಫ್ಟ್ ಇಲ್ಲ ಅಂತ ಒಂದು ಮಾತು ಬರೆಯೋಕೆ ನಿಮಗೇನಾಗಿತ್ತು?' ಎಂದು ಬೈದು ಹೋದರು.

ಪೆಟ್ರೋಲಿನ ಲೆಕ್ಕ ಹಾಕಿದ ಮೇಲೆ ಬ್ರೋಕರ್ ಎಲ್ಲವನ್ನೂ ಮೊದಲಿಂದ ಮಾಡಲು ಕೂತರು. ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದಾಯಿತು.

ಹೆಚ್ಚಿನ ಮನೆ ವಿಡಿಯೊಗಳು ಹಾಲ್‌ನಲ್ಲಿ, ಸೋಫಾದ ಎದುರು ಶುರುವಾಗುತ್ತವೆ. ಇದು ಬೀದಿಯ ತಿರುವಿನಲ್ಲಿ ಶುರುವಾಯಿತು. ಎದುರುಬದುರು ಎರಡು ಕಾರು ದಾಟುವಷ್ಟು ರಸ್ತೆ ಅಗಲವಿದೆಯೇ, ಪಕ್ಕದಲ್ಲಿ ಏನಿದೆ, ಗೇಟಿನೊಳಗೆ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ತಿಳಿಯಬೇಕು. ಆಮೇಲೆ ಮೆಟ್ಟಿಲು, ಒಂದೂ ಬಿಡದೆ. ಹತ್ತುವಾಗ ಬಂದ ಏದುಸಿರನ್ನು ಅಳಿಸಬೇಕೇ ಎಂದು ಕೇಳಿದರು. ಬೇಡ ಎಂದೆ. ಹಿನ್ನೆಲೆ ಸಂಗೀತವನ್ನೂ ಹಾಕಲಿಲ್ಲ. ರಸ್ತೆಯ ಹಾರ್ನ್ ಬೆಡ್‌ರೂಮಿಗೆ ಎಷ್ಟು ಕೇಳುತ್ತದೆ ಎಂಬುದೂ ಕೊಳ್ಳುವವರಿಗೆ ಬೇಕಾದ ಸಂಗತಿಯೇ. ಕೊಳಲಿನ ರಾಗ ಹಾಕಿದರೆ ಅದು ಮುಚ್ಚಿಹೋಗುತ್ತದೆ.

ಬಾಗಿಲಿನಿಂದ ಬಾಲ್ಕನಿಯವರೆಗೆ ಎಲ್ಲೂ ತುಂಡರಿಸದೆ ಒಂದೇ ಉಸಿರಿಗೆ ಚಿತ್ರೀಕರಿಸಿದೆವು. ಹಾಲ್ ತೋರಿಸಿ, ಕತ್ತರಿಸಿ, ಅಡುಗೆಮನೆಗೆ ಹಾರಿದರೆ ಯಾವುದು ಯಾವುದರ ಪಕ್ಕದಲ್ಲಿದೆ ಎಂದು ನೋಡುವವರ ತಲೆಗೆ ಹತ್ತುವುದಿಲ್ಲ. ಕತ್ತರಿಸಿದ ಕಡೆ ಏನನ್ನೋ ಬಚ್ಚಿಟ್ಟಿದ್ದಾರೆ ಎಂಬ ಅನುಮಾನವೂ ಬರುತ್ತದೆ. ಫೋನನ್ನು ಅಡ್ಡ ಹಿಡಿದು, ಎದೆಯ ಮಟ್ಟದಲ್ಲಿಟ್ಟು, ಮೊಣಕೈ ಮೈಗೆ ಒತ್ತಿಕೊಂಡು, ಮಾಮೂಲಿ ನಡಿಗೆಯ ಅರ್ಧ ವೇಗದಲ್ಲಿ ಹೋಗಬೇಕು. ಪ್ರತಿ ಬಾಗಿಲಲ್ಲಿ ಮೂರು ಎಣಿಸುವವರೆಗೆ ನಿಲ್ಲಬೇಕು. ಇಷ್ಟು ಮಾಡಿದರೆ ಸಾಕು, ಗಿಂಬಲ್ ಕೊಳ್ಳಬೇಕಿಲ್ಲ. ಬೆಳಗ್ಗೆ ಹತ್ತರ ಹೊತ್ತಿಗೆ ಕಿಟಕಿಗಳನ್ನೆಲ್ಲ ತೆರೆದು, ಟ್ಯೂಬ್‌ಲೈಟ್ ಆರಿಸಿದೆವು. ಕೆಲವು ದೀಪಗಳ ಕೆಳಗೆ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡಾಡುತ್ತವೆ. ಅಲ್ಲದೆ ಹಗಲಲ್ಲಿ ಯಾವ ಕೋಣೆ ಕತ್ತಲೆ ಎಂಬುದೂ ಗೊತ್ತಾಗಬೇಕಲ್ಲ.

ಇನ್ನು ಲೆನ್ಸಿನ ವಿಷಯ. ಫೋನಿನಲ್ಲಿ 0.5x ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಹತ್ತಡಿಯ ಕೋಣೆ ಛತ್ರದಂತೆ ಕಾಣುತ್ತದೆ. ಹತ್ತಿರದ್ದು ಉಬ್ಬಿ, ದೂರದ ಗೋಡೆ ಇನ್ನೂ ದೂರ ಸರಿಯುತ್ತದೆ. ಪತ್ತೆಹಚ್ಚುವುದು ಸುಲಭ: ಚಿತ್ರದ ಅಂಚಿನಲ್ಲಿರುವ ಫ್ರಿಜ್ಜು, ಬಾಗಿಲು ಎಳೆದು ಅಗಲ ಮಾಡಿದಂತೆ ಕಂಡರೆ ಅದು ಆ ಗುಂಡಿಯ ಕೆಲಸ. ನಾವು 1x ಬಿಟ್ಟು ಕದಲಲಿಲ್ಲ. ಬಚ್ಚಲಿನಲ್ಲಿ ಮಾತ್ರ ಹಿಂದೆ ಸರಿಯಲು ಜಾಗವಿರಲಿಲ್ಲ. ಅಲ್ಲಿ 0.5x ಬಳಸಿ, 'ಇದು ಅಗಲದ ಲೆನ್ಸು, ಬಚ್ಚಲು ನಿಜಕ್ಕೂ ಏಳಡಿಗೆ ನಾಲ್ಕಡಿ' ಎಂದು ಬಾಯಲ್ಲೇ ಹೇಳಿದರು.

ಅಳತೆಯ ವಿಷಯಕ್ಕೆ ಬಂದಾಗ ಅವರಿಗೇ ಆಶ್ಚರ್ಯವಾಯಿತು. ಹಾಲ್ 18ಕ್ಕೆ 11, ದೊಡ್ಡ ಕೋಣೆ 12ಕ್ಕೆ 11, ಚಿಕ್ಕದು 10ಕ್ಕೆ 10, ಅಡುಗೆಮನೆ 9ಕ್ಕೆ 8. ಎರಡು ಬಚ್ಚಲು, ನಡುವಿನ ಓಣಿ ಸೇರಿದರೆ 593 ಚದರಡಿ. ಒಳಗೋಡೆಗಳಿಗೆ ಸುಮಾರು 37 ಹಿಡಿದರೆ 630. ಇದೇ ಕಾರ್ಪೆಟ್ ಏರಿಯಾ. 2016ರ ರೇರಾ ಕಾಯ್ದೆಯ ಪ್ರಕಾರ ಅದರಲ್ಲಿ ಒಳಗೋಡೆ ಸೇರುತ್ತದೆ. ಹೊರಗೋಡೆಯಾಗಲಿ ಬಾಲ್ಕನಿಯಾಗಲಿ ಸೇರುವುದಿಲ್ಲ. ಹಾಗಾದರೆ ಪೋಸ್ಟಿನಲ್ಲಿದ್ದ 9 ಚದರ, ಅಂದರೆ 900 ಚದರಡಿ, ಎಲ್ಲಿಂದ ಬಂತು? ಅದು ಸೂಪರ್ ಬಿಲ್ಟ್‌ಅಪ್. ಮೆಟ್ಟಿಲು, ಓಡಾಡುವ ಜಾಗಗಳಲ್ಲಿ ಈ ಫ್ಲ್ಯಾಟಿನ ಪಾಲು ಎಲ್ಲ ಸೇರಿಸಿದ ಲೆಕ್ಕ. ಸುಳ್ಳಲ್ಲ, ಆದರೆ ಮಂಚ ಹಾಕಲು ಆ ಜಾಗ ಬರುವುದಿಲ್ಲ. 48 ಲಕ್ಷವನ್ನು 900ರಿಂದ ಭಾಗಿಸಿದರೆ ಅಡಿಗೆ 5,333 ರೂಪಾಯಿ. 630ರಿಂದ ಭಾಗಿಸಿದರೆ 7,619. ಎರಡು ಅಳತೆಗಳನ್ನೂ ಬರೆಯೋಣ ಎಂದು ನಿರ್ಧಾರವಾಯಿತು. ಚಿಕ್ಕ ಕೋಣೆಗೆ ಇನ್ನೊಂದು ಸಾಲು ಸೇರಿತು: 'ಐದಡಿ ಅಗಲದ ಮಂಚ, ಎರಡಡಿ ಆಳದ ಬೀರು ಹಿಡಿಯುತ್ತದೆ, ಓದುವ ಮೇಜು ಕಷ್ಟ.' ಹತ್ತಕ್ಕೆ ಹತ್ತು ಎಂಬ ಅಂಕಿಗಿಂತ ಈ ಮಾತು ಜನರಿಗೆ ಬೇಗ ಅರ್ಥವಾಗುತ್ತದೆ.

ಕಷ್ಟವಾಗಿದ್ದು ದೊಡ್ಡ ಕೋಣೆಯ ಮೂಲೆ. ಮೇಲಿನ ಮನೆಯ ಬಚ್ಚಲಿನಿಂದ ನೀರು ಇಳಿದು, ಸೂರಿನ ಹತ್ತಿರ ಬಣ್ಣ ಎದ್ದು ಹೊಪ್ಪಳೆಯಾಗಿತ್ತು. ಅದನ್ನು ತೋರಿಸಲು ಮಾಲೀಕರು ಒಪ್ಪಲಿಲ್ಲ. 'ಸುಣ್ಣ ಬಳಿಸಿ ವಿಡಿಯೊ ಮಾಡಿ' ಎಂದರು. ಬ್ರೋಕರ್ ಜಗಳಕ್ಕೆ ಹೋಗಲಿಲ್ಲ. ಸೋರಿಕೆ ಸರಿಪಡಿಸುವವರನ್ನು ಕರೆಸಿ, ಖರ್ಚಿನ ಅಂದಾಜು ಬರೆಸಿಕೊಂಡರು. 'ಸರ್, ಇದು ಹೇಗೂ ಅವರ ಕಣ್ಣಿಗೆ ಬೀಳುತ್ತೆ. ಆಗ ಅವರು ಎರಡು ಲಕ್ಷ ಇಳಿಸಿ ಅಂತಾರೆ. ನಾವೇ ಮೊದಲು ತೋರಿಸಿ, ರಿಪೇರಿಗೆ ಇಷ್ಟಾಗುತ್ತೆ ಅಂದರೆ ಮಾತು ಅಷ್ಟರಲ್ಲೇ ನಿಲ್ಲುತ್ತೆ' ಎಂದರು. ಮಾಲೀಕರು ಎರಡು ದಿನ ಯೋಚಿಸಿ ಒಪ್ಪಿದರು. ಒಪ್ಪದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ ಬ್ರೋಕರ್ ನಕ್ಕರು, ಉತ್ತರ ಕೊಡಲಿಲ್ಲ. ಶೇಕಡಾ ಒಂದೋ ಎರಡೋ ಕಮಿಷನ್ನಿನಲ್ಲಿ ಸಂಸಾರ ನಡೆಸುವವರಿಗೆ ಮಾಲೀಕರ ಮಾತನ್ನು ತೆಗೆದುಹಾಕುವುದು ಸುಲಭವಲ್ಲ.

ಕೊನೆಗೆ ಸಿದ್ಧವಾದ ಪೋಸ್ಟು ಹೀಗಿತ್ತು:

'ಕುವೆಂಪುನಗರ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಎರಡು ಬೆಡ್‌ರೂಮು. ಕಾರ್ಪೆಟ್ ಸುಮಾರು 630 ಚದರಡಿ (ನಾವೇ ಅಳೆದದ್ದು), ಸೂಪರ್ ಬಿಲ್ಟ್‌ಅಪ್ 900. ಪೂರ್ವದ ಬಾಗಿಲು. ಸ್ಕೂಟರಿಗೆ ಜಾಗ ಇದೆ, ಕಾರು ರಸ್ತೆಯಲ್ಲೇ. ಕಾವೇರಿ ನೀರು ದಿನ ಬಿಟ್ಟು ದಿನ, ಜೊತೆಗೆ ಬೋರ್‌ವೆಲ್. ದೊಡ್ಡ ಕೋಣೆಯ ಮೂಲೆಯಲ್ಲಿ ನೀರು ಒಸರಿದ ಗುರುತಿದೆ, ವಿಡಿಯೊದಲ್ಲಿ ತೋರಿಸಿದ್ದೇವೆ. ಖಾತೆ ಮಾಲೀಕರ ಹೆಸರಲ್ಲಿದೆ, ಬ್ಯಾಂಕ್ ಸಾಲ ಬಾಕಿ ಇದೆ. 48 ಲಕ್ಷ, ಮಾತಾಡಬಹುದು. ಚಿತ್ರೀಕರಿಸಿದ್ದು ಈ ವಾರ.'

ಕೊನೆಯ ಸಾಲು ಸುಮ್ಮನೆ ಬಂದದ್ದಲ್ಲ. ಬೇಸಿಗೆಯಲ್ಲಿ ತೆಗೆದ ವಿಡಿಯೊ ಮಳೆಗಾಲದ ಗೋಡೆಯನ್ನು ತೋರಿಸುವುದಿಲ್ಲ. ಚರಂಡಿಯ ವಾಸನೆ, ರಾತ್ರಿಯ ಸದ್ದು, ನೆಲದ ಇಳಿಜಾರು ಯಾವುದೂ ಫೋನಿಗೆ ಸಿಗುವುದಿಲ್ಲ. ಕಾಗದಪತ್ರವಂತೂ ವಿಡಿಯೊದ ಕೆಲಸವೇ ಅಲ್ಲ. ಋಣಭಾರ ಪತ್ರ, ಇ-ಖಾತೆಯನ್ನು ವಕೀಲರಿಗೆ ತೋರಿಸಲೇಬೇಕು. ವಿಡಿಯೊ ನೋಡಿಯೇ ಟೋಕನ್ ಅಡ್ವಾನ್ಸ್ ಕಳಿಸುತ್ತೇನೆಂದ ದುಬೈನವರೊಬ್ಬರಿಗೆ, 'ಮೊದಲು ನಿಮ್ಮ ಅಣ್ಣನನ್ನು ಒಂದು ಸಲ ಕಳಿಸಿ' ಎಂದರು ಈ ಬ್ರೋಕರ್.

ವಿಡಿಯೊ ಕಳಿಸುವುದರಲ್ಲೂ ಎರಡು ತೊಡಕು ಬಂತು. ವಾಟ್ಸ್ಆ್ಯಪ್‌ನಲ್ಲಿ ಹಾಗೇ ಹಾಕಿದಾಗ ಚಿತ್ರ ಮಸುಕಾಗಿ, ಗೋಡೆಯ ಗುರುತೇ ಕಾಣದಂತಾಯಿತು. ಯೂಟ್ಯೂಬಿನಲ್ಲಿ Unlisted ಎಂದು ಏರಿಸಿ ಲಿಂಕ್ ಕಳಿಸಿದ ಮೇಲೆ ಸರಿಹೋಯಿತು. ಇನ್ನೊಂದು, ಅದನ್ನೇ ಬೇರೆ ಬ್ರೋಕರ್‌ಗಳು ತಮ್ಮ ನಂಬರು ಹಾಕಿ ಹಂಚತೊಡಗಿದ್ದು. ಈಗ ವಿಡಿಯೊದ ನಡುವೆಯೇ ಸಣ್ಣಗೆ ಫೋನ್ ನಂಬರು ಇರುತ್ತದೆ. ಮನೆ ನಂಬರಿನ ಫಲಕ, ಬಾಡಿಗೆದಾರರ ಫ್ಯಾಮಿಲಿ ಫೋಟೊ, ಕೀ ತೂಗುಹಾಕುವ ಹಲಗೆ ಕಾಣದಂತೆ ನೋಡಿಕೊಳ್ಳುತ್ತಾರೆ. ಬಾಡಿಗೆದಾರರನ್ನು ಹಿಂದಿನ ದಿನವೇ ಕೇಳಿ ಒಪ್ಪಿಗೆ ತೆಗೆದುಕೊಳ್ಳುತ್ತಾರೆ.

ಹೊಸ ಪೋಸ್ಟಿಗೆ ಬಂದ ಕರೆಗಳು ಹಳೆಯದಕ್ಕಿಂತ ಕಡಿಮೆ. ಮೂರೇ ಮನೆಯವರು ಬಂದು ನೋಡಿದರು. ಮೂವರೂ ಮೆಟ್ಟಿಲು ಹತ್ತಿದರು, ಮೂವರೂ ನೇರ ದೊಡ್ಡ ಕೋಣೆಯ ಮೂಲೆಗೆ ಹೋಗಿ ಗೋಡೆ ಮುಟ್ಟಿ ನೋಡಿದರು. ಮೂರನೆಯವರು ಟೋಕನ್ ಕೊಟ್ಟ ಸಂಜೆಯೇ ಪೋಸ್ಟಿನ ಮೇಲ್ಗಡೆ 'ಟೋಕನ್ ಆಗಿದೆ' ಎಂಬ ಸಾಲು ಬಿತ್ತು.