ಹಳೆಯ ಜಾಲತಾಣವನ್ನು ಮುಚ್ಚುವ ಕ್ರಮ: ದಾಖಲೆ ಉಳಿಸುವುದು, ವಿಳಾಸ ಕಾಯುವುದು

ಜಿಲ್ಲೆಯ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಅವಗಾಹನೆಗೆ,

ಗ್ರಾಮ ಪಂಚಾಯಿತಿಯ ನಾಗರಿಕ ಸೇವೆಗಳು ಇಂದು ಬಹುಪಾಲು ರಾಜ್ಯ ಸರ್ಕಾರದ ತಂತ್ರಾಂಶಗಳ ಮೂಲಕವೇ ನಡೆಯುತ್ತಿವೆ. ಆಸ್ತಿ ದಾಖಲೆಗೆ ಇ-ಸ್ವತ್ತು, ಲೆಕ್ಕಪತ್ರಕ್ಕೆ ಪಂಚತಂತ್ರ, ತೆರಿಗೆ ಮತ್ತು ಪ್ರಮಾಣಪತ್ರಗಳಿಗೆ ಬಾಪೂಜಿ ಸೇವಾ ಕೇಂದ್ರ ಬಳಕೆಯಲ್ಲಿವೆ. ಇವು ಬರುವ ಮೊದಲು ಅಥವಾ ಇವುಗಳ ಜೊತೆಯಲ್ಲೇ ಖಾಸಗಿ ಸಂಸ್ಥೆಯಿಂದ ಸ್ವಂತ ಜಾಲತಾಣ ಮಾಡಿಸಿಕೊಂಡ ಪಂಚಾಯಿತಿಯ ಮುಂದೆ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ಆ ತಾಣವನ್ನು ಮುಂದುವರಿಸಬೇಕೇ, ಮುಚ್ಚಬೇಕೇ? ಮುಚ್ಚುವುದಾದರೆ ಹೇಗೆ?

ವಿಳಾಸ ಬದಲಾವಣೆ ಸರ್ಕಾರದ ತಾಣಗಳಿಗೂ ಹೊಸತಲ್ಲ. ಹಿಂದೆ e-swathu.kar.nic.in ಎಂದು ಪರಿಚಿತವಾಗಿದ್ದ ಇ-ಸ್ವತ್ತು ನಂತರ eswathu.karnataka.gov.in ಆಯಿತು. ರಾಜ್ಯದ ಅನೇಕ ಇಲಾಖೆಗಳು ಹೀಗೆಯೇ kar.nic.in ಬಿಟ್ಟು karnataka.gov.in ಅಡಿಗೆ ಬಂದಿವೆ. nic.in ಮತ್ತು gov.in ಹೆಸರುಗಳು ಸರ್ಕಾರದ ಅಧೀನದಲ್ಲಿರುವುದರಿಂದ ಹಳೆಯ ವಿಳಾಸವನ್ನು ಹೊರಗಿನವರು ಕೊಳ್ಳಲಾರರು. ಪಂಚಾಯಿತಿಯು ಖಾಸಗಿಯಾಗಿ ಕೊಂಡ .com ಅಥವಾ .in ಹೆಸರಿಗೆ ಈ ರಕ್ಷಣೆ ಇಲ್ಲ. ನವೀಕರಣ ನಿಂತರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. .com ಹೆಸರಿನ ಅವಧಿ ಮುಗಿದ ಮೇಲೆ ನೋಂದಣಿದಾರ ಸಂಸ್ಥೆಯನ್ನು ಅವಲಂಬಿಸಿ ಗರಿಷ್ಠ 45 ದಿನಗಳವರೆಗೆ ಸಾಮಾನ್ಯ ನವೀಕರಣಕ್ಕೆ ಅವಕಾಶ ದೊರೆಯಬಹುದು. ನಂತರದ 30 ದಿನ ಹೆಚ್ಚಿನ ಶುಲ್ಕ ತೆತ್ತು ಮರಳಿ ಪಡೆಯಬಹುದು. ಆಮೇಲೆ 5 ದಿನ ಕಳೆದರೆ ಹೆಸರು ಮಾರುಕಟ್ಟೆಗೆ ಬೀಳುತ್ತದೆ.

ಹಾಗೆ ಬಿದ್ದ ಹೆಸರನ್ನು ಕೊಂಡವರು ಅದರಲ್ಲಿ ಜೂಜಿನ ಜಾಹೀರಾತು ಹಾಕಬಹುದು, ಇಲ್ಲವೇ ಪಂಚಾಯಿತಿಯ ಹೆಸರಿನಲ್ಲಿ ಸುಳ್ಳು ಕರ ಪಾವತಿ ಪುಟ ತೆರೆಯಬಹುದು. ಹಳೆಯ ರಸೀದಿ, ಫಲಕ, ಕರಪತ್ರಗಳಲ್ಲಿ ಮುದ್ರಿತವಾದ ಕ್ಯೂಆರ್ ಕೋಡ್ ಗ್ರಾಮಸ್ಥರನ್ನು ನೇರವಾಗಿ ಅಲ್ಲಿಗೇ ಕರೆದೊಯ್ಯುತ್ತದೆ. ಇದಕ್ಕಿಂತ ಗುಪ್ತವಾದ ಅಪಾಯವೆಂದರೆ ಇಮೇಲ್. ಆ ಹೆಸರಿನಲ್ಲಿ ಪಂಚಾಯಿತಿಯ ಇಮೇಲ್ ಇದ್ದಿದ್ದರೆ, ಹೊಸ ಮಾಲೀಕರು ಅದೇ ವಿಳಾಸವನ್ನು ಮತ್ತೆ ಸೃಷ್ಟಿಸಿ, ಅಲ್ಲಿಗೆ ಬರುವ ಪತ್ರಗಳನ್ನು ಓದಬಹುದು ಮತ್ತು ಅದಕ್ಕೆ ಜೋಡಿಸಿದ ಖಾತೆಗಳ ಪಾಸ್‌ವರ್ಡ್ ಬದಲಿಸಲು ಯತ್ನಿಸಬಹುದು.

ಮುಚ್ಚುವ ಕಾಲ ಯಾವುದು?

ಈ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ತಾಣದಲ್ಲಿರುವ ಪ್ರತಿಯೊಂದು ಸೇವೆಯೂ ಸರ್ಕಾರದ ತಂತ್ರಾಂಶದಲ್ಲಿ ದೊರೆಯುತ್ತಿದೆಯೇ? ಕಳೆದ ಒಂದು ವರ್ಷದಲ್ಲಿ ಪಂಚಾಯಿತಿಯ ಸಿಬ್ಬಂದಿ ಅದರಲ್ಲಿ ಯಾವುದನ್ನಾದರೂ ತಿದ್ದಿದ್ದಾರೆಯೇ? ಅದರಲ್ಲಿನ ತಪ್ಪು ಮಾಹಿತಿಗೆ ಉತ್ತರಿಸಬೇಕಾದ ಅಧಿಕಾರಿ ಯಾರೆಂದು ನಿಗದಿಯಾಗಿದೆಯೇ? ಸೇವೆ ಬೇರೆಡೆ ದೊರೆಯುತ್ತಿದ್ದು, ತಿದ್ದುಪಡಿ ನಿಂತಿದ್ದು, ಹೊಣೆಗಾರರೂ ಇಲ್ಲದಿದ್ದರೆ ಆ ತಾಣವನ್ನು ನಿವೃತ್ತಿಗೊಳಿಸುವುದೇ ಉಚಿತ. ಒಂದು ಸೇವೆಯಾದರೂ ಅಲ್ಲಿ ಮಾತ್ರ ಲಭ್ಯವಿದ್ದರೆ ಮೊದಲು ಅದಕ್ಕೆ ಬದಲಿ ವ್ಯವಸ್ಥೆಯಾಗಬೇಕು.

ಒಂದು ಉದಾಹರಣೆ

ಕಲಘಟಗಿ ತಾಲೂಕಿನ ಒಂದು ಪಂಚಾಯಿತಿಯನ್ನು ಕಲ್ಪಿಸಿಕೊಳ್ಳೋಣ. ಅದರ ತಾಣದಲ್ಲಿ ಹಿಂದಿನ ಅಧ್ಯಕ್ಷರ ಭಾವಚಿತ್ರವಿದೆ, ಕರದ ಹಳೆಯ ದರವಿದೆ, ಐದು ವರ್ಷಗಳ ಸಭಾ ನಡಾವಳಿಗಳಿವೆ, ಜಮಾಬಂದಿ ವರದಿಗಳಿವೆ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯಿದೆ.

ಮೊದಲ ಹೆಜ್ಜೆ ಒಡೆತನದ ಪರಿಶೀಲನೆ. ಡೊಮೇನ್ ಹೆಸರು ಪಂಚಾಯಿತಿಯ ಹೆಸರಿನಲ್ಲಿದೆಯೋ, ತಾಣ ಮಾಡಿಕೊಟ್ಟವರ ಹೆಸರಿನಲ್ಲಿದೆಯೋ ನೋಡಬೇಕು. ಎರಡನೆಯದಾದರೆ ಮುಂದಿನ ಯಾವ ಕೆಲಸಕ್ಕೂ ಮೊದಲು ಖಾತೆಯನ್ನು ಪಂಚಾಯಿತಿಯ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಅಂತಿಮ ಬಿಲ್ ಪಾವತಿಯ ಮೊದಲೇ ಇದು ಆಗುವುದು ಒಳ್ಳೆಯದು.

ಎರಡನೆಯದು ವಿಂಗಡಣೆ. ನಡಾವಳಿ ಮತ್ತು ಜಮಾಬಂದಿ ವರದಿಗಳು ಶಾಶ್ವತವಾಗಿ ಉಳಿಯಬೇಕಾದವು. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣದಂತೆ ದಾಖಲೆಗಳನ್ನು ವ್ಯವಸ್ಥಿತವಾಗಿ ಕಾಪಾಡಿ, ಮಾಹಿತಿಯನ್ನು ತಾನಾಗಿ ಪ್ರಕಟಿಸುವ ಹೊಣೆ ಪಂಚಾಯಿತಿಯ ಮೇಲಿದೆ. ತಾಣ ಮುಚ್ಚಿದ ಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ. ಹಳೆಯ ದರದ ಪುಟವನ್ನು 'ಇದು ಜಾರಿಯಲ್ಲಿಲ್ಲ' ಎಂಬ ಸೂಚನೆಯೊಂದಿಗೆ ಮಾತ್ರ ಇಡಬೇಕು. ಫಲಾನುಭವಿಗಳ ಪಟ್ಟಿಯಲ್ಲಿ ಆಧಾರ್, ಬ್ಯಾಂಕ್ ಖಾತೆ ಅಥವಾ ಮೊಬೈಲ್ ಸಂಖ್ಯೆಗಳಿದ್ದರೆ ಅವನ್ನು ಸಾರ್ವಜನಿಕ ಪ್ರತಿಯಿಂದ ತೆಗೆಯಬೇಕು.

ಮೂರನೆಯದು ಪ್ರತಿ ತೆಗೆಯುವುದು. ಗಣಕಯಂತ್ರ ನಿರ್ವಾಹಕರು ಈ ಆದೇಶವನ್ನು ಬಳಸಬಹುದು. example.in ಇರುವಲ್ಲಿ ತಮ್ಮ ತಾಣದ ವಿಳಾಸ ಬರೆಯಬೇಕು:

```
wget --mirror --page-requisites --convert-links --adjust-extension https://example.in/
```

ಇದರಿಂದ ಪುಟಗಳು, ಚಿತ್ರಗಳು ಮತ್ತು ಪುಟಗಳಿಂದ ಕೊಂಡಿ ಇರುವ ಪಿಡಿಎಫ್ ಕಡತಗಳು ಒಂದು ಫೋಲ್ಡರ್‌ಗೆ ಬರುತ್ತವೆ. ಹುಡುಕು ಪೆಟ್ಟಿಗೆಯಲ್ಲಿ ಹೆಸರು ಬರೆದಾಗ ಮಾತ್ರ ತೋರುವ ಮಾಹಿತಿ ಇದರಲ್ಲಿ ಬರುವುದಿಲ್ಲ. ಅದನ್ನು ಡೇಟಾಬೇಸ್‌ನಿಂದ ಬೇರೆಯಾಗಿ ಪಡೆಯಬೇಕು. ಪ್ರತಿ ಸರಿಯಾಗಿದೆಯೇ ಎಂದು ತಿಳಿಯಲು ಅಂತರಜಾಲ ಸಂಪರ್ಕ ಕಡಿದು ಅದನ್ನು ತೆರೆದು ನೋಡಬೇಕು ಮತ್ತು ನಡಾವಳಿಗಳ ಸಂಖ್ಯೆಯನ್ನು ಕಚೇರಿಯ ನಡಾವಳಿ ಪುಸ್ತಕದೊಂದಿಗೆ ತಾಳೆ ಹಾಕಬೇಕು. ಒಂದು ಪ್ರತಿ ಪಂಚಾಯಿತಿ ಕಚೇರಿಯಲ್ಲಿ, ಇನ್ನೊಂದು ತಾಲೂಕು ಪಂಚಾಯಿತಿಯಲ್ಲಿ ಇರಲಿ. ಖಾಸಗಿ ವಿವರಗಳನ್ನು ತೆಗೆದ ಬಳಿಕ ಸಾರ್ವಜನಿಕ ಪುಟಗಳನ್ನು web.archive.org/save ನಲ್ಲಿಯೂ ಉಳಿಸಬಹುದು.

ನಾಲ್ಕನೆಯದು ವಿಳಾಸವನ್ನು ತಿರುಗಿಸುವುದು. ಎಲ್ಲ ಪುಟಗಳನ್ನೂ ಒಂದೇ ಮುಖಪುಟಕ್ಕೆ ತಿರುಗಿಸುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಕರ ಕಟ್ಟಲು ಬಂದವರು ಜಿಲ್ಲೆಯ ಮುಖಪುಟದಲ್ಲಿ ಇಳಿದರೆ ದಾರಿ ಕಾಣದೆ ಹಿಂದಿರುಗುತ್ತಾರೆ. ಕರದ ಪುಟ bsk.karnataka.gov.in ಗೆ, ಆಸ್ತಿ ಪುಟ eswathu.karnataka.gov.in ಗೆ ಹೋಗಬೇಕು. ಮುಖಪುಟದಲ್ಲಿ ತಾಣ ಮುಚ್ಚಿದ ದಿನಾಂಕ, ಕಚೇರಿಯ ವಿಳಾಸ ಮತ್ತು ಹಳೆಯ ನಡಾವಳಿ ದೊರೆಯುವ ಸ್ಥಳವನ್ನು ತಿಳಿಸುವ ಒಂದು ಸರಳ ಪುಟ ಉಳಿಯಲಿ. ಇಂಥ ಶಾಶ್ವತ ಬದಲಾವಣೆಗೆ 301 ಎಂಬ ಸಂಕೇತವಿದೆ. ಅದನ್ನು ಬಳಸಿದರೆ ಗೂಗಲ್‌ನಂಥ ಶೋಧ ತಾಣಗಳೂ ಕ್ರಮೇಣ ಹೊಸ ವಿಳಾಸವನ್ನೇ ತೋರಿಸುತ್ತವೆ. ಭದ್ರತಾ ಪ್ರಮಾಣಪತ್ರವೂ ಚಾಲ್ತಿಯಲ್ಲಿರಬೇಕು. ಅದರ ಅವಧಿ ಮುಗಿದರೆ https ವಿಳಾಸದಿಂದ ಬಂದವರಿಗೆ ಹೊಸ ಪುಟದ ಬದಲು ಎಚ್ಚರಿಕೆಯ ಸಂದೇಶ ಕಾಣುತ್ತದೆ.

ಕೊನೆಯದು, ಹೆಸರನ್ನು ಬಿಡದಿರುವುದು. ತಾಣ ಮುಚ್ಚಿದರೂ ಡೊಮೇನ್ ಹೆಸರಿನ ನವೀಕರಣ ಮುಂದುವರಿಯಬೇಕು. ಸಾಮಾನ್ಯ .in ಹೆಸರಿಗೆ ವರ್ಷಕ್ಕೆ ತಗಲುವುದು ಸಾವಿರ ರೂಪಾಯಿಯ ಆಸುಪಾಸಿನ ಮೊತ್ತ. ಹೆಸರು ಮುದ್ರಿತವಾದ ರಸೀದಿ, ಫಲಕಗಳು ಬಳಕೆಯಲ್ಲಿರುವವರೆಗೆ, ಕನಿಷ್ಠ ಐದು ವರ್ಷವಾದರೂ, ಅದನ್ನು ಉಳಿಸಿಕೊಳ್ಳುವುದು ಕ್ಷೇಮ. ಆ ಹೆಸರಿನ ಇಮೇಲ್‌ಗೆ ಜೋಡಿಸಿದ ಬ್ಯಾಂಕ್ ಮತ್ತು ತಂತ್ರಾಂಶ ಖಾತೆಗಳನ್ನು ಮೊದಲೇ ಅಧಿಕೃತ ಇಮೇಲ್‌ಗೆ ಬದಲಿಸಬೇಕು.

ಠರಾವಿನ ಮಾದರಿ

ಸದಸ್ಯರು ಸಾಮಾನ್ಯ ಸಭೆಯಲ್ಲಿ ಈ ಅರ್ಥದ ಠರಾವನ್ನು ಅಂಗೀಕರಿಸಬಹುದು: "ಪಂಚಾಯಿತಿಯ ಹಳೆಯ ಜಾಲತಾಣವನ್ನು ದಿನಾಂಕ ......ರಿಂದ ಮುಚ್ಚತಕ್ಕದ್ದು. ಅದಕ್ಕೂ ಮುನ್ನ ಎಲ್ಲ ದಾಖಲೆಗಳ ಎರಡು ಪ್ರತಿ ತೆಗೆದು, ತಾಳೆ ನೋಡಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಸಭೆಗೆ ವರದಿ ಸಲ್ಲಿಸತಕ್ಕದ್ದು. ಡೊಮೇನ್ ಹೆಸರನ್ನು ಪಂಚಾಯಿತಿಯ ಹೆಸರಿನಲ್ಲಿಯೇ ಐದು ವರ್ಷ ನವೀಕರಿಸತಕ್ಕದ್ದು. ನವೀಕರಣದ ದಿನಾಂಕವನ್ನು ಪ್ರತಿ ವರ್ಷದ ಆಯವ್ಯಯ ಸಭೆಯ ಕಾರ್ಯಸೂಚಿಯಲ್ಲಿ ನಮೂದಿಸತಕ್ಕದ್ದು."

ಸದಸ್ಯರ ಅವಧಿ ಮುಗಿಯುತ್ತದೆ, ಅಧಿಕಾರಿಗಳ ವರ್ಗಾವಣೆಯಾಗುತ್ತದೆ. ಆದ್ದರಿಂದ ನವೀಕರಣದ ದಿನಾಂಕವು ಒಬ್ಬರ ನೆನಪಿನಲ್ಲಿರದೆ ಕಾರ್ಯಸೂಚಿಯಲ್ಲಿ ಬರಹರೂಪದಲ್ಲಿ ಇರುವುದು ಅವಶ್ಯ.