ಚೌಕದೊಳಗಿನ ಹಸಿರು ವೃತ್ತ

ಗದ್ದೆಯ ಬದು ನೆಲದ ಏರಿಳಿತಕ್ಕೆ ಬಾಗುತ್ತದೆ, ಹನಿ ನೀರಾವರಿಯ ಕೊಳವೆ ಸಾಲು ಹಿಡಿದು ನೇರ ಸಾಗುತ್ತದೆ. ಅಮೆರಿಕದ ಕಾನ್ಸಸ್ ಬಯಲನ್ನು ವಿಮಾನದಿಂದ ತೆಗೆದ ಚಿತ್ರದಲ್ಲಿ ಮಾತ್ರ ಹೊಲಗಳೇ ದುಂಡಗೆ ಕಾಣುತ್ತವೆ. ಅಲ್ಲಿ ಸುಮಾರು 400 ಮೀಟರ್ ಉದ್ದದ ಕೊಳವೆಯೊಂದು, ಗೂಟಕ್ಕೆ ಕಟ್ಟಿದ ಎತ್ತಿನಂತೆ, ಚಕ್ರಗಳ ಮೇಲೆ ಸುತ್ತುತ್ತ ನೀರು ಚಿಮುಕಿಸುತ್ತದೆ. ಫ್ರಾಂಕ್ ಝೈಬಾಕ್ ಎಂಬ ರೈತ ಇದಕ್ಕೆ 1952ರಲ್ಲಿ ಪೇಟೆಂಟ್ ಪಡೆದ.

ಹೊರತುದಿ ಅದೇ ಹೊತ್ತಿನಲ್ಲಿ ಹೆಚ್ಚು ನೆಲ ನೆನೆಸಬೇಕು. ಹಾಗಾಗಿ ಅಲ್ಲಿನ ನಳಿಕೆಗಳು ಹೆಚ್ಚು ನೀರು ಬಿಡುತ್ತವೆ. ನಳಿಕೆಯೊಂದು ಕಟ್ಟಿಕೊಂಡರೆ ಪೈರಿನಲ್ಲಿ ಬಿಳಿಚಿದ ಉಂಗುರ ಮೂಡಿ, ಚಿತ್ರದಲ್ಲೇ ಸಿಕ್ಕಿಬೀಳುತ್ತದೆ. 160 ಎಕರೆಯ ಚೌಕದಲ್ಲಿ ನಾಲ್ಕು ಮೂಲೆಗಳು ಸೇರಿ 30 ಎಕರೆಗೂ ಹೆಚ್ಚು ಒಣಗೇ ಉಳಿಯುತ್ತದೆ. ನನಗೆ ಅದಕ್ಕಿಂತ ಆತಂಕದ್ದೆನಿಸುವುದು ಕೆಳಗಿನ ಓಗಲಾಲ ಅಂತರ್ಜಲ: ಪಶ್ಚಿಮ ಕಾನ್ಸಸ್‌ನಲ್ಲಿ ಮಳೆ ತುಂಬುವುದಕ್ಕಿಂತ ವೇಗವಾಗಿ ಪಂಪುಗಳು ಅದನ್ನು ಎತ್ತುತ್ತಿವೆ.